ಊರಿನ ಖಾರದ ಪುಡಿ ನಿಂತುಹೋದ ಮನೆಗಳವರಿಗೆ

ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿ ಮನೆ ಮಾಡಿಕೊಂಡಿರುವ ಆತ್ಮೀಯರೇ,

ಬೇಸಿಗೆ ಬಂತೆಂದರೆ ಊರಿಂದ ಬರುತ್ತಿದ್ದ ಖಾರದ ಪುಡಿಯ ಡಬ್ಬಿ ನಿಮ್ಮಲ್ಲಿ ಅನೇಕರಿಗೆ ಈಗ ಬರುತ್ತಿಲ್ಲ. ಅಮ್ಮನಿಗೆ ಮಹಡಿಯ ಮೇಲೆ ಮೆಣಸಿನಕಾಯಿ ಒಣಗಿಸುವ ಶಕ್ತಿ ಇಲ್ಲ, ಅತ್ತೆಯವರಿಗೆ ಗಿರಣಿಯ ಘಾಟು ಆಗುವುದಿಲ್ಲ, ಕೆಲವರ ಮನೆಯಲ್ಲಿ ಕಳಿಸುವವರೇ ಇಲ್ಲ. ಹೀಗಾಗಿ ಅಂಗಡಿಯ ಪೊಟ್ಟಣ ಕೊಳ್ಳುತ್ತೀರಿ. ಅದರಲ್ಲಿ ತಪ್ಪೇನೂ ಇಲ್ಲ. ಒಳ್ಳೆಯ ಪುಡಿ ಮಾಡುವವರು ಇದ್ದಾರೆ. ಆದರೆ ಒಳ್ಳೆಯದನ್ನು ಆರಿಸಲು ಹೆಚ್ಚಿನವರು ಹಿಡಿದಿರುವ ಗುರುತೇ ದಾರಿ ತಪ್ಪಿಸುವಂಥದ್ದು. ಯಾವ ಪುಡಿ ಹೆಚ್ಚು ಕೆಂಪಗಿದೆಯೋ ಅದಕ್ಕೆ ಕೈ ಹೋಗುತ್ತದೆ. ಮೆಣಸಿನಕಾಯಿ ಕೊಳ್ಳುವ, ಪುಡಿ ಮಾಡಿಸುವ ಕೆಲಸದಲ್ಲಿ ಬಹಳ ಕಾಲ ಇದ್ದ ನಾನು ಈ ಪತ್ರ ಬರೆಯುತ್ತಿರುವುದು ಮುಖ್ಯವಾಗಿ ಆ ಕೆಂಪಿನ ಬಗ್ಗೆ.

ಮೆಣಸಿನಕಾಯಿಯ ಕೆಂಪು ಬಣ್ಣ ಬರುವುದು ಅದರ ಸಿಪ್ಪೆಯಲ್ಲಿರುವ ಕ್ಯಾಪ್ಸಾಂಥಿನ್ ಎಂಬ ವಸ್ತುವಿನಿಂದ. ಇದು ಗಜ್ಜರಿಯ ಬಣ್ಣದ ಕುಲಕ್ಕೇ ಸೇರಿದ್ದು. ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಒಗ್ಗರಣೆಯ ಎಣ್ಣೆ ಕೆಂಪಗಾಗುವುದು ಅದರಿಂದಲೇ. ಬೆಳಕು, ಗಾಳಿ, ಬಿಸಿ ಮೂರೂ ಇದಕ್ಕೆ ಶತ್ರುಗಳು. ಇಡೀ ಕಾಯಿಯಲ್ಲಿ ಸಿಪ್ಪೆ ಅದನ್ನು ಒಂದಿಷ್ಟು ಕಾಪಾಡುತ್ತದೆ. ಪುಡಿ ಮಾಡಿದ ಕೂಡಲೇ ಪ್ರತಿಯೊಂದು ಕಣಕ್ಕೂ ಗಾಳಿ ತಾಗತೊಡಗಿ ಬಣ್ಣ ಇಳಿಯುವುದು ಶುರುವಾಗುತ್ತದೆ. ಬ್ಯಾಡಗಿಯ ವ್ಯಾಪಾರಿಗಳು ವರ್ಷವಿಡೀ ಬೇಕಾಗುವ ಸರಕನ್ನು ಇಡೀ ಕಾಯಿಯಾಗಿಯೇ ಕೋಲ್ಡ್ ಸ್ಟೋರೇಜಿನ ಕತ್ತಲೆಯಲ್ಲಿ ಇಟ್ಟು, ಬೇಕೆಂದಾಗ ಹೊರಗೆ ತೆಗೆಯುತ್ತಾರೆ. ಅಲ್ಲಿ ಬಣ್ಣಕ್ಕೇ ಬೆಲೆ. ಸಗಟಾಗಿ ಕೊಳ್ಳುವ ದೊಡ್ಡ ಕಂಪನಿಗಳು ಪ್ರಯೋಗಾಲಯದಲ್ಲಿ ಬಣ್ಣವನ್ನು ಅಳೆದು, ಆಸ್ಟಾ ಎಂಬ ಮಾನದಲ್ಲಿ ಎಷ್ಟಿದೆ ಎಂದು ನೋಡಿ ದರ ಕಟ್ಟುತ್ತವೆ.

ಹಾಗಾದರೆ ಒಂದು ಪ್ರಶ್ನೆ ಹಾಕಿಕೊಳ್ಳಿ. ಪಾರದರ್ಶಕ ಪ್ಲಾಸ್ಟಿಕ್ ಕವರಿನಲ್ಲಿ, ಅಂಗಡಿಯ ಮುಂಭಾಗದಲ್ಲಿ, ಟ್ಯೂಬ್‌ಲೈಟಿನ ಕೆಳಗೆ ಎಂಟು ಹತ್ತು ತಿಂಗಳು ನೇತಾಡಿದ ಪುಡಿ ಇವತ್ತು ಬೀಸಿದಂತೆ ಕೆಂಪಗಿದ್ದರೆ ಆ ಕೆಂಪು ಎಲ್ಲಿಯದು? ಅಪ್ಪಟ ಪುಡಿಯಾಗಿದ್ದರೆ ಅಷ್ಟು ಹೊತ್ತಿಗೆ ಸ್ವಲ್ಪವಾದರೂ ಮಂಕಾಗಿ, ಇಟ್ಟಿಗೆಯ ಕಂದು ಬಣ್ಣದತ್ತ ತಿರುಗಿರಬೇಕು. ಕವರಿನ ಬೆಳಕು ಬೀಳುವ ಕಡೆಗೂ ಮಡಿಕೆಯೊಳಗೆ ಅಡಗಿರುವ ಕಡೆಗೂ ಬಣ್ಣದಲ್ಲಿ ವ್ಯತ್ಯಾಸ ಕಾಣಬೇಕು. ಈ ವ್ಯತ್ಯಾಸ ಕಂಡರೆ ಪುಡಿ ಹಳೆಯದು, ಬೇಡ. ಆದರೆ ದಿನಾಂಕ ಹಳೆಯದಾಗಿದ್ದೂ ವ್ಯತ್ಯಾಸವೇ ಕಾಣದಿದ್ದರೆ ಆ ಪುಡಿಯನ್ನು ನಾನು ಇನ್ನೂ ದೂರ ಇಡುತ್ತೇನೆ.

ಇನ್ನು ಕಾಯಿಯ ಮೂಲ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿ ಸಿಕ್ಕಿತು. ಅದರ ಹೆಗ್ಗಳಿಕೆ ದಟ್ಟ ಬಣ್ಣ ಮತ್ತು ಕಡಿಮೆ ಖಾರ. ಕಡ್ಡಿ ಎಂಬುದು ಉದ್ದಕ್ಕೆ, ತೆಳ್ಳಗೆ, ಮೈತುಂಬ ಸುಕ್ಕು ಸುಕ್ಕಾಗಿರುತ್ತದೆ. ಡಬ್ಬಿ ಎಂಬುದು ಗಿಡ್ಡಕ್ಕೆ, ದಪ್ಪಗೆ ಇರುತ್ತದೆ. ಗುಂಟೂರಿನ ಕಾಯಿಯ ಮೈ ನುಣುಪು, ಖಾರ ಜಾಸ್ತಿ. ಒಳ್ಳೆಯ ಖಾರದ ಪುಡಿ ಮಾಡುವವರು ಎರಡನ್ನೂ ಬೆರೆಸುತ್ತಾರೆ, ಬ್ಯಾಡಗಿ ಬಣ್ಣಕ್ಕೆ, ಗುಂಟೂರು ಖಾರಕ್ಕೆ. ಊರಲ್ಲಿ ನಿಮ್ಮ ಅಮ್ಮಂದಿರು ಮಾಡುತ್ತಿದ್ದದ್ದೂ ಅದನ್ನೇ. ಹಾಗಾಗಿ ಮಿಶ್ರಣ ಎಂದ ಮಾತ್ರಕ್ಕೆ ಅನುಮಾನ ಬೇಡ. ಪೊಟ್ಟಣದ ಮುಂಭಾಗದಲ್ಲಿ ದೊಡ್ಡದಾಗಿ ‘ಬ್ಯಾಡಗಿ’ ಎಂದಿದ್ದು, ಹಿಂದೆ ಪದಾರ್ಥಗಳ ಸಾಲಿನಲ್ಲಿ ಬರೀ ‘ಮೆಣಸಿನಕಾಯಿ’ ಎಂದಿದ್ದರೆ ಅನುಮಾನ ಪಡಿ. ಮುಂಭಾಗದಲ್ಲಿ ಹೊಗಳಿಕೊಂಡದ್ದು ಹಿಂಭಾಗದ ಸಣ್ಣ ಅಕ್ಷರದಲ್ಲೂ ಇರಬೇಕು, ಶೇಕಡಾ ಎಷ್ಟು ಎಂದು ಹೇಳಿದ್ದರೆ ಇನ್ನೂ ಒಳ್ಳೆಯದು. ‘ಬ್ಯಾಡಗಿ ಶೈಲಿ’, ‘ಬ್ಯಾಡಗಿ ಬಣ್ಣ’ ಎಂಬ ಮಾತುಗಳು ಕಾಯಿ ಯಾವುದೆಂದು ಹೇಳುವುದೇ ಇಲ್ಲ. ನಾಲಿಗೆಯೂ ಒಂದು ಸಾಕ್ಷಿ. ಅಪ್ಪಟ ಬ್ಯಾಡಗಿ ಎಂದು ಮಾರಿದ ಪುಡಿ ಚಿಟಿಕೆ ಹಾಕಿದರೂ ಬಾಯಿ ಉರಿಸಿದರೆ ಒಳಗೆ ಬೇರೆ ಕಾಯಿ ಇದೆ.

ಬಣ್ಣ ಯಾಕೆ ಬೆರೆಸುತ್ತಾರೆ ಎಂಬುದಕ್ಕೆ ಉತ್ತರವೂ ಕಾಯಿಯಲ್ಲೇ ಇದೆ. ಮಳೆಗೆ ಸಿಕ್ಕ, ನೆಲದ ಮೇಲೆ ಸರಿಯಾಗಿ ಒಣಗದ ಕಾಯಿ ಬಿಳಿಚಿಕೊಳ್ಳುತ್ತದೆ. ಪ್ರತಿ ರಾಶಿಯಲ್ಲೂ ಇಂಥದ್ದನ್ನು ಆರಿಸಿ ಬೇರೆ ಹಾಕುತ್ತಾರೆ, ಅದು ತೀರ ಕಡಿಮೆ ಬೆಲೆಗೆ ಹೋಗುತ್ತದೆ. ಅದನ್ನು ಯಾರೋ ಕೊಳ್ಳುತ್ತಾರೆ ಎಂದರೆ ಎಲ್ಲೋ ಅದು ಪುಡಿಯಾಗುತ್ತಿದೆ ಎಂದರ್ಥ. ಇನ್ನೊಂದು ಸರಕಿನ ಬಗ್ಗೆ ನಿಮ್ಮಲ್ಲಿ ಹೆಚ್ಚಿನವರು ಕೇಳಿರಲಾರಿರಿ. ಮೆಣಸಿನಕಾಯಿಯಿಂದ ಓಲಿಯೋರೆಸಿನ್ ಎಂಬ ಬಣ್ಣದ ಎಣ್ಣೆ ತೆಗೆಯುವ ಕಾರ್ಖಾನೆಗಳಿವೆ, ಆ ಎಣ್ಣೆ ಆಹಾರಕ್ಕೂ ಸೌಂದರ್ಯವರ್ಧಕಗಳಿಗೂ ಹೋಗುತ್ತದೆ. ಎಣ್ಣೆ ತೆಗೆದ ಮೇಲೆ ಉಳಿಯುವ ಚರಟ ನೋಡಲು ಮೆಣಸಿನಕಾಯಿಯೇ, ಆದರೆ ಸತ್ವವಿಲ್ಲದ್ದು. ಬಿಳಿಚಿದ ಕಾಯಿಗಾಗಲಿ ಚರಟಕ್ಕಾಗಲಿ ತನ್ನದೇ ಬಣ್ಣವಿಲ್ಲ. ಅವನ್ನು ಬೀಸಿದವನಿಗೆ ಹೊರಗಿನ ಕೆಂಪು ಬೇಕೇ ಬೇಕು. ಆದ್ದರಿಂದ ಬೆರೆಸಿದ ಬಣ್ಣ ಹೇಳುವುದು ಎರಡು ದೋಷಗಳನ್ನು. ಬಣ್ಣ ಒಂದು ದೋಷ, ಆ ಬಣ್ಣ ಮುಚ್ಚುತ್ತಿರುವ ಕಾಯಿ ಇನ್ನೊಂದು.

ಕಾನೂನು ಇಲ್ಲಿ ಸ್ಪಷ್ಟವಾಗಿದೆ. ಖಾರದ ಪುಡಿಗೆ ಕೃತಕ ಬಣ್ಣ ಸೇರಿಸುವಂತೆಯೇ ಇಲ್ಲ. ಸೇರಿಸಲು ಅವಕಾಶವಿರುವುದು ಖಾದ್ಯ ಎಣ್ಣೆ ಮಾತ್ರ. ಅದೂ ತೂಕದಲ್ಲಿ ಶೇ. 2ನ್ನು ಮೀರದಂತೆ, ಯಾವ ಎಣ್ಣೆ ಎಷ್ಟು ಎಂದು ಪೊಟ್ಟಣದ ಮೇಲೆ ಹೇಳಿ. ಎಣ್ಣೆ ಹಾಕಿದರೆ ಬೀಸುವಾಗ ದೂಳು ಏಳುವುದಿಲ್ಲ, ಪುಡಿಗೆ ಹೊಳಪು ಬರುತ್ತದೆ. ತೂಕದಲ್ಲೂ ಸ್ವಲ್ಪ ಲಾಭ. ಚರಟ ಬೆರೆಸುವುದನ್ನು ಹಿಡಿಯಲೂ ಒಂದು ಅಳತೆ ಇದೆ. ಈಥರ್‌ನಲ್ಲಿ ಕರಗಿ, ಆವಿಯಾಗದೆ ಉಳಿಯುವ ಅಂಶ ಶೇ. 12ಕ್ಕಿಂತ ಕಡಿಮೆ ಇರಬಾರದು. ಎಣ್ಣೆ ತೆಗೆದ ಕಾಯಿ ಈ ಪರೀಕ್ಷೆಯಲ್ಲಿ ನಿಲ್ಲಲಾರದು. ಮಣ್ಣು, ಮರಳು, ಇಟ್ಟಿಗೆ ಪುಡಿಗೆ ಇನ್ನೊಂದು ಅಳತೆ, ಆಮ್ಲದಲ್ಲಿ ಕರಗದ ಬೂದಿ ಶೇ. 1.3ನ್ನು ಮೀರಬಾರದು. ಇವೆರಡೂ ಪ್ರಯೋಗಾಲಯದ ಕೆಲಸ, ಅಡುಗೆಮನೆಯದ್ದಲ್ಲ.

ಅಡುಗೆಮನೆಯಲ್ಲಿ ಮಾಡಬಹುದಾದದ್ದು ನೀರಿನ ಪರೀಕ್ಷೆ. ಅದರ ಮಿತಿ ಗೊತ್ತಿದ್ದರೆ ಮಾತ್ರ ಅದರಿಂದ ಪ್ರಯೋಜನ. ಗಾಜಿನ ಲೋಟದಲ್ಲಿ ನೀರು ತುಂಬಿಸಿ, ಅಲುಗಾಡದಂತೆ ಇಟ್ಟು, ಒಂದು ಚಿಟಿಕೆ ಪುಡಿಯನ್ನು ಮೇಲೆ ಉದುರಿಸಿ. ಕಲಕಬೇಡಿ. ಪುಡಿ ತೇಲುತ್ತಿರುವಾಗಲೇ ಕೆಂಪು ಗೆರೆಗಳು ದಾರದಂತೆ ಕೆಳಗಿಳಿದರೆ ನೀರಿನಲ್ಲಿ ಕರಗುವ ಬಣ್ಣ ಬೆರೆತಿದೆ. ಮೆಣಸಿನಕಾಯಿಯದೇ ಕೆಂಪು ನೀರಿಗೆ ಹೀಗೆ ಬಿಡುವುದಿಲ್ಲ, ಬಹಳ ಹೊತ್ತಿನ ಮೇಲೆ ನೀರು ತುಸು ಹಳದಿಗೆ ತಿರುಗಬಹುದು ಅಷ್ಟೆ. ಆಮೇಲೆ ಕಲಕಿ, ಪುಡಿ ಕೂತ ಮೇಲೆ ನೀರು ಬಸಿದು ತಳದ ಗಷ್ಟನ್ನು ಎರಡು ಬೆರಳ ನಡುವೆ ತಿಕ್ಕಿ. ಬೀಜದ ಚೂರು ಒತ್ತಿದರೆ ನುಣ್ಣಗಾಗುತ್ತದೆ. ಇಟ್ಟಿಗೆ, ಮರಳು ಒತ್ತಿದಷ್ಟೂ ಗರಗರ ಎನ್ನುತ್ತವೆ.

ಈಗ ಮಿತಿ. ಸುಡಾನ್ ಎಂಬ ಹೆಸರಿನ ಬಣ್ಣಗಳಿವೆ. ಮೇಣ, ಎಣ್ಣೆ, ಪಾಲಿಶ್‌ಗಳಿಗೆ ಬಳಸುವ ಕೈಗಾರಿಕಾ ಬಣ್ಣಗಳು, ಆಹಾರದಲ್ಲಿ ನಿಷಿದ್ಧ. 2003ರಲ್ಲಿ ಭಾರತದಿಂದ ಹೋದ ಮೆಣಸಿನ ಪುಡಿಯಲ್ಲಿ ಸುಡಾನ್ 1 ಕಂಡುಬಂದು, ಪ್ರಮಾಣಪತ್ರವಿಲ್ಲದೆ ಮೆಣಸಿನಕಾಯಿ, ಮೆಣಸಿನ ಪುಡಿ ಒಳಗೆ ಬರಬಾರದೆಂದು ಯುರೋಪಿನ ಒಕ್ಕೂಟ ಕಟ್ಟುಪಾಡು ಮಾಡಿತು. 2005ರ ಫೆಬ್ರವರಿಯಲ್ಲಿ ಬ್ರಿಟನ್ನಿನಲ್ಲಿ ಒಂದು ಸಾಸ್‌ಗೆ ಬಳಸಿದ್ದ ಹಳೆಯ ಮೆಣಸಿನ ಪುಡಿಯಲ್ಲಿ ಅದೇ ಬಣ್ಣ ಸಿಕ್ಕಿತು. ಆ ಸಾಸ್ ಬೇರೆ ಬೇರೆ ಸಿದ್ಧ ಆಹಾರಗಳಿಗೆ ಸೇರಿದ್ದರಿಂದ ನಾನೂರಕ್ಕೂ ಹೆಚ್ಚು ಬಗೆಯ ತಿನಿಸುಗಳನ್ನು ಅಂಗಡಿಗಳಿಂದ ವಾಪಸ್ ತೆಗೆಯಬೇಕಾಯಿತು. ಸುಡಾನ್ ನೀರಿನಲ್ಲಿ ಕರಗುವುದಿಲ್ಲ. ನಿಮ್ಮ ಲೋಟದ ಪರೀಕ್ಷೆಯಲ್ಲಿ ಅದು ಅಪ್ಪಟ ಮೆಣಸಿನಕಾಯಿಯಂತೆಯೇ ಸುಮ್ಮನಿರುತ್ತದೆ. ಅಂದರೆ ಗೆರೆ ಇಳಿದರೆ ಪುಡಿ ಕೆಟ್ಟದ್ದು ಎಂಬುದು ಖಚಿತ, ಇಳಿಯದಿದ್ದರೆ ಒಳ್ಳೆಯದು ಎಂಬುದು ಖಚಿತವಲ್ಲ. ಮೊಬೈಲಿನಲ್ಲಿ ಹರಿದಾಡುವ ವಿಡಿಯೋಗಳಲ್ಲಿ ಪುಡಿಯನ್ನು ಎಣ್ಣೆಗೆ ಹಾಕಿ, ಎಣ್ಣೆ ಕೆಂಪಾಯಿತು, ಕಲಬೆರಕೆ ಎಂದು ತೋರಿಸುತ್ತಾರೆ. ಅದನ್ನು ನಂಬಬೇಡಿ. ಒಳ್ಳೆಯ ಬ್ಯಾಡಗಿ ಪುಡಿ ಎಣ್ಣೆಯನ್ನು ಕೆಂಪು ಮಾಡಲೇಬೇಕು.

ನೀರು ಹಿಡಿಯದ್ದನ್ನು ಎಷ್ಟೋ ಸಲ ಬೆಲೆ ಹಿಡಿದುಕೊಡುತ್ತದೆ. ಲೆಕ್ಕ ಹೀಗೆ. ನಿಮ್ಮ ಬೀದಿಯ ಅಂಗಡಿಯಲ್ಲಿ ಒಳ್ಳೆಯ ಇಡೀ ಮೆಣಸಿನಕಾಯಿ ಕಿಲೋಗೆ 300 ರೂಪಾಯಿ ಇದೆ ಎಂದುಕೊಳ್ಳಿ. ಒಂದು ಕಿಲೋ ತಂದು ತೊಟ್ಟು ತೆಗೆದು, ಬಿಸಿಲಿಗೆ ಹಾಕಿ ಗಿರಣಿಗೆ ಒಯ್ದರೆ ತೊಟ್ಟು, ತೇವ, ದೂಳು ಎಲ್ಲ ಸೇರಿ ಸುಮಾರು ನೂರು ಗ್ರಾಂ ಹೋಗುತ್ತದೆ. ಬೀಸುವ ಕೂಲಿ 40 ರೂಪಾಯಿ ಎಂದಿಟ್ಟುಕೊಂಡರೆ 900 ಗ್ರಾಂ ಪುಡಿಗೆ 340 ಬಿತ್ತು, ಕಿಲೋಗೆ ಸರಿಸುಮಾರು 378. ಕಂಪನಿ ಸಗಟಾಗಿ ಕೊಳ್ಳುತ್ತದೆ ನಿಜ. ಅದಕ್ಕೆ ಕಾಯಿ ಕಾಲು ಭಾಗ ಅಗ್ಗವಾಗಿ, 225ಕ್ಕೇ ಸಿಕ್ಕಿತು ಎನ್ನಿ. ಆಗಲೂ ಹೋದ ತೂಕ ಲೆಕ್ಕ ಹಾಕಿದರೆ ಪುಡಿಯ ಅಸಲೇ ಕಿಲೋಗೆ 250. ಇದರ ಮೇಲೆ ಬೀಸುವುದು, ಕವರು, ಲಾರಿ, ಅಂಗಡಿಯವರ ಪಾಲು. ಹೀಗಿರುವಾಗ ಅದೇ ಅಂಗಡಿಯಲ್ಲಿ ಪುಡಿಯ ಪೊಟ್ಟಣ ಕಿಲೋಗೆ 200ರ ದರದಲ್ಲಿ ಸಿಕ್ಕರೆ ಅದು ನೀವು ಪಕ್ಕದ ಚೀಲದಲ್ಲಿ ನೋಡಿದ ಕಾಯಿಯಿಂದ ಆದದ್ದಲ್ಲ. ತೊಟ್ಟಿನ ಸಮೇತ ಬೀಸಿರಬಹುದು, ಬಿಳಿಚಿದ ಕಾಯಿ ಇರಬಹುದು, ತೌಡೋ ಅಕ್ಕಿಹಿಟ್ಟೋ ಇರಬಹುದು. ಪ್ರತಿ ಸಲ ಪುಡಿ ಕೊಳ್ಳುವಾಗ ಇಡೀ ಕಾಯಿಯ ದರ ಕೇಳುವ ಅಭ್ಯಾಸ ಇಟ್ಟುಕೊಳ್ಳಿ.

ಖಾರದ ಪುಡಿಯಲ್ಲಿ ಇರಬೇಕಾದ್ದು ಒಂದೇ ಪದಾರ್ಥ, ಅದು ಸುಲಭ. ಸಾರಿನ ಪುಡಿ, ಹುಳಿಪುಡಿ, ವಾಂಗಿಬಾತ್ ಪುಡಿಗಳಲ್ಲಿ ಹತ್ತಾರು ಇರುತ್ತವೆ. ಅಲ್ಲಿ ಬೇಳೆ ಇದೆ ಎಂದ ಕೂಡಲೇ ತೂಕಕ್ಕೆ ಹಾಕಿದ್ದು ಎನ್ನಲಾಗದು. ಹುಳಿಪುಡಿಗೆ ಕಡಲೆಬೇಳೆ, ಉದ್ದಿನಬೇಳೆ ಹುರಿದು ಹಾಕುವ ಪದ್ಧತಿ ಎಷ್ಟೋ ಮನೆಗಳಲ್ಲಿದೆ. ಹಿಟ್ಟು ಬೆರೆತಿದೆಯೇ ನೋಡಲು ಟಿಂಕ್ಚರ್ ಅಯೋಡಿನ್ ಹನಿಸಿ, ನೀಲಿಯಾದರೆ ಕಲಬೆರಕೆ ಎನ್ನುವವರಿದ್ದಾರೆ. ಬೇಳೆ ಇರುವ ಪುಡಿ ಹೇಗಿದ್ದರೂ ನೀಲಿಯಾಗುತ್ತದೆ. ಅರಿಶಿನದಲ್ಲಿ ಸಹಜವಾಗಿಯೇ ಪಿಷ್ಟ ಹೆಚ್ಚು, ಅಲ್ಲೂ ಈ ಪರೀಕ್ಷೆ ನಡೆಯದು.

ಇಲ್ಲಿ ನೆರವಾಗುವುದು ಪದಾರ್ಥಗಳ ಸಾಲು. ತೂಕದಲ್ಲಿ ಹೆಚ್ಚಿರುವುದು ಮೊದಲು, ಕಡಿಮೆ ಇರುವುದು ಕೊನೆಗೆ ಎಂಬ ಕ್ರಮದಲ್ಲಿ ಅದನ್ನು ಬರೆಯಬೇಕೆಂಬುದು ನಿಯಮ. ಒಂದು ಉದಾಹರಣೆ ಬಿಡಿಸಿ ನೋಡೋಣ. ಸಾರಿನ ಪುಡಿಯ ಪೊಟ್ಟಣವೊಂದರ ಹಿಂದೆ ‘ಕೊತ್ತಂಬರಿ ಬೀಜ, ಉಪ್ಪು, ಮೆಣಸಿನಕಾಯಿ, ಅಕ್ಕಿಹಿಟ್ಟು, ಜೀರಿಗೆ, ಮೆಂತ್ಯ, ಕಾಳುಮೆಣಸು, ಇಂಗು’ ಎಂದಿದೆ. ಕೆಳಗೆ ಪೋಷಕಾಂಶದ ಪಟ್ಟಿಯಲ್ಲಿ ನೂರು ಗ್ರಾಮಿಗೆ ಸೋಡಿಯಂ 3,900 ಮಿಲಿಗ್ರಾಂ ಎಂದಿದೆ. ಸೋಡಿಯಂ ಅನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ತೂಕ ಸಿಗುತ್ತದೆ. 3.9 ಗ್ರಾಂ ಎರಡೂವರೆ ಪಟ್ಟು ಎಂದರೆ ಹತ್ತಿರ ಹತ್ತಿರ ಹತ್ತು ಗ್ರಾಂ. ಮಸಾಲೆ ಪದಾರ್ಥಗಳಲ್ಲಿ ತಮ್ಮದೇ ಸೋಡಿಯಂ ತೀರ ಅಲ್ಪ, ಆದ್ದರಿಂದ ಇದು ಸುರಿದ ಉಪ್ಪೇ. ಪುಡಿಯ ಹತ್ತನೇ ಒಂದು ಭಾಗಕ್ಕೆ ಉಪ್ಪಿನ ಬದಲು ಮಸಾಲೆಯ ದರ ಕೊಟ್ಟಂತಾಯಿತು.

ವಿಷಯ ಇಷ್ಟಕ್ಕೇ ಮುಗಿಯುವುದಿಲ್ಲ. ಮೆಣಸಿನಕಾಯಿ ಉಪ್ಪಿನ ನಂತರ ಬಂದಿದೆ, ಹಾಗಾಗಿ ಅದೂ ಹತ್ತು ಗ್ರಾಮಿಗಿಂತ ಹೆಚ್ಚಿಲ್ಲ. ಮನೆಯಲ್ಲಿ ಎರಡು ಪಾಲು ಕೊತ್ತಂಬರಿಗೆ ಒಂದು ಪಾಲು ಮೆಣಸಿನಕಾಯಿ ಹಾಕುವವರಿಗೆ ಗೊತ್ತು, ಹತ್ತರಲ್ಲಿ ಒಂದು ಪಾಲು ಕಾಯಿ ಹಾಕಿದ ಪುಡಿ ಕೊತ್ತಂಬರಿಯ ಕಂದು ಬಣ್ಣದಲ್ಲೇ ಇರುತ್ತದೆ. ಆ ಪೊಟ್ಟಣದ ಪುಡಿ ರಕ್ತಗೆಂಪಾಗಿದ್ದರೆ ಸಾಲಿಗೂ ಬಣ್ಣಕ್ಕೂ ತಾಳೆಯಾಗುವುದಿಲ್ಲ. ಸಾಲನ್ನು ಇನ್ನೊಮ್ಮೆ ನೋಡಿ. 160ಸಿ ಎಂಬ ಸಂಖ್ಯೆ ಇದ್ದರೆ ಅದು ಮೆಣಸಿನಕಾಯಿಯಿಂದಲೇ ತೆಗೆದ ಬಣ್ಣ, ಅಪಾಯವಿಲ್ಲ, ಆದರೆ ಕಾಯಿಯಲ್ಲಿ ಬಣ್ಣವಿರಲಿಲ್ಲ ಎಂದು ತಯಾರಕರೇ ಒಪ್ಪಿಕೊಂಡಂತೆ. 102, 110, 122, 124, 129 ಇವೆಲ್ಲ ಕೃತಕ ಬಣ್ಣಗಳ ಸಂಖ್ಯೆಗಳು. 551 ಎಂದರೆ ಪುಡಿ ಗಂಟು ಕಟ್ಟದಂತೆ ಹಾಕುವ ಸಿಲಿಕಾನ್ ಡೈಆಕ್ಸೈಡ್, ಅದಕ್ಕೆ ಬಣ್ಣದ ಸಂಬಂಧವಿಲ್ಲ. ಸಾಲಿನಲ್ಲಿ ಏನೂ ಇಲ್ಲದೆ ಪುಡಿ ಮಾತ್ರ ಕೆಂಪಗಿದ್ದರೆ ಆ ಪೊಟ್ಟಣ ಬಿಟ್ಟುಬಿಡಿ. ಹೆಸರು ಹೇಳದೆ ‘ಮಸಾಲೆ ಪದಾರ್ಥಗಳು, ಉಪ್ಪು’ ಎಂದಷ್ಟೇ ಬರೆದು ಮುಗಿಸುವವರದ್ದನ್ನೂ ನಾನು ಕೊಳ್ಳುವುದಿಲ್ಲ. ಕೊಬ್ಬರಿ, ಏಲಕ್ಕಿ, ಮರಾಠಿಮೊಗ್ಗು ಎಂದು ಒಂದೊಂದನ್ನೂ ಬರೆದವರು ತಮ್ಮ ಲೆಕ್ಕವನ್ನು ನಮ್ಮ ಮುಂದೆ ಇಟ್ಟಿರುತ್ತಾರೆ.

ಕಡೆಯದಾಗಿ ದಿನಾಂಕ. ಹೆಚ್ಚಿನವರು ನೋಡುವುದು ಯಾವಾಗ ಮುಗಿಯುತ್ತದೆ ಎಂಬುದನ್ನು. ನೀವು ನೋಡಬೇಕಾದದ್ದು ಯಾವಾಗ ಪ್ಯಾಕ್ ಆಯಿತು ಎಂಬುದನ್ನು. ಹನ್ನೆರಡು ತಿಂಗಳ ಬಾಳಿಕೆ ಎಂದು ಬರೆದ ಪುಡಿ ಹನ್ನೊಂದನೇ ತಿಂಗಳಲ್ಲೂ ಕಾನೂನಿನ ಪ್ರಕಾರ ಸರಿಯೇ, ಆದರೆ ಕೊತ್ತಂಬರಿ, ಜೀರಿಗೆಗಳ ಪರಿಮಳ ಅಷ್ಟರಲ್ಲಿ ಹಾರಿಹೋಗಿರುತ್ತದೆ. ಆ ಪರಿಮಳ ಬೇಗ ಆವಿಯಾಗುವ ಎಣ್ಣೆ, ಪುಡಿಯಾದ ಮೇಲೆ ಅದನ್ನು ತಡೆದು ಹಿಡಿಯುವ ಸಿಪ್ಪೆ ಇರುವುದಿಲ್ಲ. ಕಪಾಟಿನ ಹಿಂದಿನ ಸಾಲಿಗೆ ಕೈ ಹಾಕಿ, ಮೂರು ತಿಂಗಳೊಳಗೆ ಪ್ಯಾಕ್ ಆದದ್ದನ್ನು ಹುಡುಕಿ. ಒಳಮೈ ಬೆಳ್ಳಿಯಂತೆ ಹೊಳೆಯುವ, ಬೆಳಕು ಬಿಡದ ಪೊಟ್ಟಣ ಪಾರದರ್ಶಕ ಕವರಿಗಿಂತ ಎಷ್ಟೋ ಮೇಲು. ಕೊಬ್ಬರಿ ಹಾಕಿದ ವಾಂಗಿಬಾತ್, ಬಿಸಿಬೇಳೆಬಾತ್ ಪುಡಿಗಳ ವಿಷಯದಲ್ಲಿ ಇನ್ನೂ ಬಿಗಿ ಇರಬೇಕು, ಕೊಬ್ಬರಿಯ ಎಣ್ಣೆ ಬೇಗ ಕಮಟಾಗುತ್ತದೆ. ಒಡೆದ ಕೂಡಲೇ ಮೂಸಿ ನೋಡಿ, ಹಳೆಯ ಎಣ್ಣೆಯ ವಾಸನೆ ಬಂದರೆ ದಿನಾಂಕ ಏನೇ ಹೇಳಲಿ, ವಾಪಸ್ ಕೊಡಿ.

ಇಬ್ಬರು ಮೂವರ ಮನೆಗೆ ನೂರು ಗ್ರಾಮಿನ ಪೊಟ್ಟಣ ಸಾಕು. ಒಡೆದದ್ದನ್ನು ಗಾಳಿಯಾಡದ ಡಬ್ಬಿಗೆ ತುಂಬಿ ಒಲೆಯಿಂದ ದೂರ ಇಡಿ. ಕುದಿಯುವ ಸಾರಿನ ಮೇಲೆ ಡಬ್ಬಿ ಹಿಡಿದು ನೇರವಾಗಿ ಉದುರಿಸಬೇಡಿ. ಹಬೆ ಒಳಗೆ ಹೋಗಿ ಪುಡಿ ತೇವವಾಗುತ್ತದೆ, ತೇವವಾದದ್ದು ಗಂಟು ಕಟ್ಟಿ ಬೂಸ್ಟು ಹಿಡಿಯುತ್ತದೆ. ಬೂಸ್ಟು ಹಿಡಿದ ಪುಡಿಯನ್ನು ಹುರಿದು ಬಳಸುವುದು ಬೇಡವೇ ಬೇಡ. ಕೆಲವು ಬೂಸ್ಟುಗಳು ಅಫ್ಲಟಾಕ್ಸಿನ್ ಎಂಬ ವಿಷ ಬಿಡುತ್ತವೆ, ಅದು ಯಕೃತ್ತಿಗೆ ಕೇಡು, ಅಡುಗೆಯ ಬಿಸಿಗೆ ನಾಶವಾಗುವಂಥದ್ದಲ್ಲ.

ಇಷ್ಟೆಲ್ಲ ನೋಡಿ ಕೊಂಡ ಮೇಲೂ ಗಟ್ಟಿ ಅನುಮಾನ ಬಂದರೆ ಪೊಟ್ಟಣವನ್ನು ಎಸೆಯಬೇಡಿ. ಬಿಲ್ಲು, ಬ್ಯಾಚ್ ಸಂಖ್ಯೆ, ಹದಿನಾಲ್ಕು ಅಂಕಿಯ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ ಇರುವ ಕವರು, ಒಳಗೆ ಉಳಿದ ಪುಡಿ ಇವನ್ನು ಒಟ್ಟಿಗೆ ಇಟ್ಟುಕೊಳ್ಳಿ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 40ನೇ ಕಲಮಿನ ಪ್ರಕಾರ, ಕೊಂಡ ಆಹಾರವನ್ನು ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸುವ ಹಕ್ಕು ಗ್ರಾಹಕರಿಗೇ ಇದೆ. ಆ ವರದಿಯಲ್ಲಿ ಕಾನೂನಿನ ಉಲ್ಲಂಘನೆ ಕಂಡುಬಂದರೆ ಕಟ್ಟಿದ ಶುಲ್ಕ ವಾಪಸ್ ಸಿಗುತ್ತದೆ. ಹೀಗೆ ಪರೀಕ್ಷೆ ಮಾಡಿಸುವುದನ್ನು ಅಂಗಡಿಯವರಿಗೆ ಮೊದಲೇ ತಿಳಿಸಿರಬೇಕು, ಆದ್ದರಿಂದ ಅದೇ ಪುಡಿಯ ಇನ್ನೊಂದು ಪೊಟ್ಟಣ ಕೊಂಡು, ಕೊಳ್ಳುವಾಗಲೇ ಆ ಮಾತು ಹೇಳಿ. ನಿಮ್ಮ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗಳ ಕಚೇರಿಯಲ್ಲಿ ವಿಶ್ಲೇಷಕರ ವಿಳಾಸ, ಶುಲ್ಕದ ವಿವರ ಕೇಳಿಕೊಳ್ಳಬಹುದು.

ಇಂತಿ,
ನಿಮ್ಮ ಊರಿನ ಕಡೆಯ ಹಿತೈಷಿ